ಮಾವಂಗೊಂದು, ಮೈದುನಂಗೊಂದು

ಗೃಹಪ್ರವೇಶಕ್ಕೆ ನೂರೈವತ್ತು ಮನೆ ಕರೀಬೇಕು, ಅಲ್ವಾ? ನಿಮ್ಮ ಪ್ಲಾನ್ ನಂಗೊತ್ತು. 'ಆತ್ಮೀಯರೇ' ಅಂತ ಒಂದು ಮೆಸೇಜು ಗೀಚಿ, ವಾಟ್ಸಾಪ್ ಬ್ರಾಡ್‌ಕಾಸ್ಟ್‌ಗೆ ಹಾಕಿ ಕೈ ತೊಳ್ಕೊಳೋದು. (ನಿಮ್ಮ ನಂಬರ್ ಸೇವ್ ಮಾಡ್ಕೊಂಡಿಲ್ಲದವರಿಗೆ ಅದು ಹೋಗೋದೇ ಇಲ್ಲ. ಹೊಸ ಫೋನ್ ತಗೊಂಡ ಪದ್ಮತ್ತೆ ಮುನಿಸ್ಕೊಂಡ್ರೆ ನಂಗೆ ಹೇಳ್ಬೇಡಿ.)

ಸ್ವಲ್ಪ ಮೈ ಬಗ್ಗಿಸಿ. ಎಕ್ಸೆಲ್‌ನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು, ಮೂರೇ ಕಾಲಂ. ವರ್ಡ್‌ನ ಮೇಲ್ ಮರ್ಜ್‌ನಲ್ಲಿ ಒಂದೇ ಒಂದು ಪತ್ರ:

```
«ಕರೆ»
ಬರೋ ಶುಕ್ರವಾರ ಬೆಳಗ್ಗೆ ನಮ್ಮ ಹೊಸ ಮನೆ
ಗೃಹಪ್ರವೇಶ. «ಮಾತು» «ಬರೋದು»
```

ಬರೀ ಹೆಸರಿನ ಕಾಲಂ ಇಟ್ಟು ಪತ್ರದಲ್ಲಿ 'ಗೆ' ಅಂಟಿಸೋಣ ಅಂದ್ಕೊಂಡ್ರಾ? ರಮೇಶ್‌ಗೆ, ಪದ್ಮತ್ತೆಗೆ, ಎಲ್ಲಾ ಸರಿ. ಆಮೇಲೆ ಬರುತ್ತೆ ನೋಡಿ, 'ಸುಬ್ಬಣ್ಣ ಮಾವಗೆ'! ನಮ್ಮ ವಿಭಕ್ತಿ ಆ ಕಂಪ್ಯೂಟರ್‌ಗೇನು ಗೊತ್ತು? ಅದಕ್ಕೇ «ಕರೆ»ಯಲ್ಲಿ 'ಸುಬ್ಬಣ್ಣ ಮಾವ, ನಮಸ್ಕಾರ' ಅಂತ ಇಡಿಯಾಗಿ ಬರೆದುಬಿಡಿ. «ಬರೋದು» ಇರೋದೂ ಅದಕ್ಕೇ. ಮಾವಂಗೆ 'ಅತ್ತೇನೂ ಕರ್ಕೊಂಡು ಬನ್ನಿ', ಚಡ್ಡಿ ದೋಸ್ತಿಗೆ 'ಬಾರೋ, ನೆಪ ಹೇಳ್ಬೇಡ'. (ಅದಲು ಬದಲಾದ್ರೆ ಮಾವ ಮುಂದಿನ ಹಬ್ಬದ ತನಕ ಮಾತಾಡಲ್ಲ.) ಒಂಟಿಯಾಗಿರೋರಿಗೆ 'ಸಕುಟುಂಬ ಸಮೇತ' ಹೋಗದ ಹಾಗೆ ಕಾಯೋದೂ ಇದೇ ಕಾಲಂ.

ನಿಜವಾದ ಕೆಲಸ «ಮಾತು» ಕಾಲಂನದು. ಅಲ್ಲಿ ನೀವು 'ತಮ್ಮ ಆಶೀರ್ವಾದವಿರಲಿ' ಅಂತ ಬರೆದು ಕೆಳತನಕ ಎಳೀತೀರಿ, ಹೌದು ತಾನೇ? ಒಂದೇ ಮನೇಲಿರೋ ಅಣ್ಣ-ತಮ್ಮ ರಾತ್ರಿ ಊಟಕ್ಕೆ ಕೂತು ಫೋನು ಪಕ್ಕಪಕ್ಕ ಇಟ್ಟು ನೋಡ್ತಾರೆ ಸ್ವಾಮೀ! ಅವರು ನಿಮಗೆ ಕೊನೇ ಸಲ ಏನು ಹೇಳಿದ್ರು, ಅದನ್ನ ಹಿಡೀರಿ. ಮಂಡಿನೋವು ಅಂದಿದ್ದ ಪದ್ಮತ್ತೆಗೆ 'ಪೂಜೆ ಕೆಳಗಡೆನೇ, ಮೆಟ್ಟಿಲು ಹತ್ತಬೇಕಾಗಿಲ್ಲ.' ಅಷ್ಟೇ ಸಾಕು. ಸಂಬಳ, ಸಾಲ, 'ಮಗೂ ಯಾವಾಗ' ಇವೆಲ್ಲ ಬೇಡ. (ಕೈ ತುರಿಸ್ತಿದೆ, ಗೊತ್ತು.)

ಇನ್ನೊಂದು ವಿಷ್ಯ, ಕಿವಿ ಇಲ್ಲಿ ಕೊಡಿ. ಹೆಸರುಗಳನ್ನ ಅಕಾರಾದಿಯಲ್ಲಿ ಜೋಡಿಸೋಕೆ ಹೋಗಿ ಅದೊಂದೇ ಕಾಲಂ ಸಾರ್ಟ್ ಮಾಡಿದ್ರೋ, ಮಾತುಗಳು ಇದ್ದಲ್ಲೇ ಉಳೀತವೆ. ಅತ್ತೆಯ ಮಂಡಿನೋವು ಜಿಮ್‌ಗೆ ಹೋಗೋ ಹುಡುಗನಿಗೆ! ಕಳ್ಸೋಕೆ ಮುಂಚೆ `Preview Results` ಒತ್ತಿ, ಕಾಯಿಲೆ-ಕಸಾಲೆ ಬರೆದಿರೋ ಸಾಲುಗಳನ್ನಾದ್ರೂ ಕಣ್ಣಾರೆ ನೋಡಿ. ಖಾಲಿ ಬಿಟ್ಟಿರೋ ಸಾಲುಗಳನ್ನೂ.

ಆಮೇಲೆ `Edit Individual Documents` ಒತ್ತಿದ್ರೆ ಎಲ್ಲರ ಪತ್ರ ಬೇರೆಬೇರೆಯಾಗಿ ಸಿಗುತ್ತೆ. ಒಂದೊಂದೇ ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕೋದು. ಬೇಜಾರಿನ ಕೆಲಸ, ಟೀವಿ ನೋಡ್ತಾ ಮಾಡಿ.

ಏನಂದ್ರಿ, ನಲವತ್ತು ಜನರ «ಮಾತು» ಖಾಲಿನೇ ಇದೆಯಾ? ಏನೂ ಹೊಳೀತಿಲ್ವಾ? ಎಲ್ಲಾ ಹೆಂಡತಿ ಕಡೆಯವರಾ?! ಮೆಲ್ಲಗೆ ಮಾತಾಡ್ರೀ, ಅಡುಗೆಮನೆಗೆ ಕೇಳುತ್ತೆ.