ಹಳೇ ಬಿಲ್ಲಿನ ತಂಟೆಗೆ ಹೋಗಬೇಡಿ

ಪೈಸೆಯನ್ನು ಕಣ್ಣಾರೆ ಕಂಡು ಎಷ್ಟು ಕಾಲವಾಯಿತೋ! ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವವರಲ್ಲಿ ಮಾತ್ರ ಇನ್ನೂ ಅದರದೇ ದರ್ಬಾರು.

133 ರೂಪಾಯಿ 80 ಪೈಸೆಯ ಚಹಾಪುಡಿ ಎನ್ನಿ. ಶೇ. 5 ಜಿಎಸ್‌ಟಿ ಎಂದರೆ 6.69. ಕೇಂದ್ರಕ್ಕೂ ರಾಜ್ಯಕ್ಕೂ ಸಮಪಾಲು ಆಗಬೇಕು, ಆದರೆ ಅಣ್ಣತಮ್ಮಂದಿರ ಆಸ್ತಿಯ ಹಾಗೆ ಇಲ್ಲೂ ಒಂದು ಪೈಸೆ ತಕರಾರಿಗೆ ಉಳಿಯುತ್ತದೆ. ಹಳೇ ಪ್ರೋಗ್ರಾಂ ಕೇಂದ್ರಕ್ಕೆ 3.35, ರಾಜ್ಯಕ್ಕೆ 3.34 ಬರೆದು ಕೈತೊಳೆದುಕೊಳ್ಳುತ್ತಿತ್ತು. ತಿದ್ದುಪಡಿಯಾದ ಮೇಲೆ ಎರಡನ್ನೂ ಬೇರೆಬೇರೆಯಾಗಿ ಶೇ. 2.5ರಂತೆ ಲೆಕ್ಕಹಾಕಿ, ಇಬ್ಬರಿಗೂ 3.35 ಕೊಡುತ್ತದೆ. ನ್ಯಾಯವೇ. ಆದರೆ 140.49 ಇದ್ದ ಮೊತ್ತ 140.50 ಆಗಿ, ರೂಪಾಯಿಗೆ ದುಂಡಗೆ ಮಾಡುವಾಗ 140 ಹೋಗಿ 141 ಬಂತು!

ಹೊಸ ಬಿಲ್ಲಿಗೆ ಅದು ಇರಲಿ. ಹೋದ ವರ್ಷದ ಬಿಲ್ಲನ್ನು ಇವತ್ತು ಮತ್ತೆ ತೆಗೆದರೆ 140 ಎಂದೇ ಕಾಣಬೇಕು. ಗಿರಾಕಿ ಕೊಟ್ಟದ್ದು ಅಷ್ಟು, ರಿಟರ್ನ್ ಸಲ್ಲಿಸಿದ್ದೂ ಅಷ್ಟಕ್ಕೇ. ಅದಕ್ಕೇ ನಮ್ಮದೊಂದು ಅರ್ಧ ಹಾಳೆಯ ಟೆಸ್ಟ್ ಪ್ಲಾನ್. ತಿದ್ದುಪಡಿ ಹಾಕುವ ಮೊದಲು ಡೇಟಾಬೇಸಿನ ನಕಲಿನಿಂದ ಎಲ್ಲ ಹಳೇ ಬಿಲ್ಲುಗಳ ನಂಬರು, ತೆರಿಗೆ, ಒಟ್ಟು ಮೊತ್ತವನ್ನು ಒಂದು ಫೈಲಿಗೆ ಇಳಿಸುವುದು. ಹಾಕಿದ ಮೇಲೆ ಅದೇ ನಕಲಿನಿಂದ ಇನ್ನೊಂದು. ಆಮೇಲೆ:

```
diff before.csv after.csv
```

ಎಲ್ಲ ಸರಿಯಿದ್ದರೆ ಪರದೆಯ ಮೇಲೆ ಏನೂ ಬರುವುದಿಲ್ಲ. ಇದನ್ನು ಮ್ಯಾನೇಜರಿಗೆ ಒಪ್ಪಿಸುವುದೇ ಕಷ್ಟ. “ರಿಸಲ್ಟ್ ಎಲ್ಲಿ?” ಎನ್ನುತ್ತಾರೆ. “ಇದೇ ಸಾರ್, ಖಾಲಿ” ಎಂದರೆ ಮುಖ ನೋಡುತ್ತಾರೆ. ಅವರ ಸಂಶಯವೂ ಸುಳ್ಳಲ್ಲ; ಎರಡು ಫೈಲೂ ಬರಿದಾಗಿದ್ದರೂ ಉತ್ತರ ಖಾಲಿಯೇ. ಆದ್ದರಿಂದ ಸಾಲುಗಳನ್ನು ಎಣಿಸುತ್ತೇವೆ. ಜೊತೆಗೆ ನಕಲಿನಲ್ಲಿ ಚಹಾಪುಡಿಯ ಹಳೇ ಬಿಲ್ಲಿಗೆ ಬೇಕೆಂದೇ ಹೊಸ ಲೆಕ್ಕ ಹಚ್ಚುತ್ತೇವೆ. 140, 141 ಎರಡೂ ಪರದೆಗೆ ಬಂದರೆ ಕಾವಲುಗಾರ ಎಚ್ಚರವಿದ್ದಾನೆ ಎಂದರ್ಥ.

ಆದರೂ ಕಳ್ಳದಾರಿಗಳಿವೆ. ಡೇಟಾಬೇಸಿನಲ್ಲಿ 140 ಭದ್ರವಾಗಿದ್ದು, ಪ್ರಿಂಟ್ ತೆಗೆಯುವ ಭಾಗ ಮಾತ್ರ ತನ್ನಷ್ಟಕ್ಕೆ ಮತ್ತೆ ಲೆಕ್ಕಹಾಕಿ 141 ಅಚ್ಚೊತ್ತಬಹುದು. ಫೈಲು ಹೋಲಿಸಿದರೆ ಇದು ಸಿಗದು. ಕೆಲವು ಬಿಲ್ಲುಗಳನ್ನು ಪ್ರಿಂಟ್ ತೆಗೆದು ಕಣ್ಣಲ್ಲೇ ನೋಡಬೇಕು.

ಇನ್ನೊಂದು, ವಾಪಸ್ ಬರುವ ಮಾಲು. ಮೈಸೋಪಿನ ತೆರಿಗೆ 2025ರ ಸೆಪ್ಟೆಂಬರ್ 22ರಂದು ಶೇ. 18ರಿಂದ 5ಕ್ಕೆ ಇಳಿಯಿತು. ಆಗಸ್ಟಿನಲ್ಲಿ ಮಾರಿದ ಸೋಪಿನ ಪೆಟ್ಟಿಗೆ ಅಕ್ಟೋಬರಿನಲ್ಲಿ ವಾಪಸ್ ಬಂದರೆ, ಕ್ರೆಡಿಟ್ ನೋಟ್ ಹೊಸ ತಾರೀಖಿನದು, ದರ ಮಾತ್ರ ಹಳೇ 18. ಪ್ರೋಗ್ರಾಂ ಇವತ್ತಿನ ತಾರೀಖು ನೋಡಿ 5 ಹಾಕಿತೋ, ಅಂಗಡಿಯವ ಕಟ್ಟಿದ ತೆರಿಗೆಯಲ್ಲಿ ನೂರು ರೂಪಾಯಿ ಮಾಲಿಗೆ ಹದಿಮೂರು ರೂಪಾಯಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಪೈಸೆಗೆ ಸುಮ್ಮನಿದ್ದ ಅಂಗಡಿಯವನೂ ಆಗ ಫೋನು ಮಾಡುತ್ತಾನೆ, ಅದೂ ಶನಿವಾರ ಸಂಜೆಯೇ.