ಒಗರು ಮೀಮಾಂಸೆ: ಒಂದು ಅಪಕ್ವ ಪ್ರಬಂಧ

ಈ ಪ್ರಬಂಧದ ವಿಷಯ ಒಗರು. ಅಧ್ಯಯನದ ಕ್ಷೇತ್ರವ್ಯಾಪ್ತಿ ಕೆಳತುಟಿಯಿಂದ ಕಿರುನಾಲಿಗೆಯವರೆಗೆ. ಕಾಲವ್ಯಾಪ್ತಿ ಕಾಯಿ ಹಣ್ಣಾಗುವವರೆಗೆ. ಕಾಯಿ ಹಣ್ಣಾದರೆ ವಿಷಯವೇ ಮಾಯವಾಗುವುದರಿಂದ ಈ ಕ್ಷೇತ್ರದಲ್ಲಿ ಪಕ್ವವಾದ ಪ್ರಬಂಧವೊಂದು ಹುಟ್ಟುವುದು ಸಾಧ್ಯವಿಲ್ಲವೆಂದು ವಿದ್ವಾಂಸರು ಮೊದಲೇ ಮನಗಾಣಬೇಕಾಗಿ ಪ್ರಾರ್ಥನೆ.

ಸಮಸ್ಯೆಯ ಸ್ವರೂಪ ಹೀಗಿದೆ. ಸಿಹಿ, ಹುಳಿ, ಉಪ್ಪು, ಕಹಿಗಳಿಗೆ ಇಂಗ್ಲಿಷಿನಲ್ಲಿ ಅಂಗನವಾಡಿ ಮಗುವಿನ ಬಾಯಿಗೂ ಹಿಡಿಯುವ ಪದಗಳಿವೆ. ಖಾರಕ್ಕೆ ಸ್ವಂತದ ಪದ ಸಾಲದೆ ಅವರು ‘ಬಿಸಿ’ ಎಂಬುದನ್ನೇ ದುಡಿಸಿಕೊಂಡರು. ಅದನ್ನು ಬಡತನವೆಂದು ನಾವು ನಗುತ್ತಿದ್ದಾಗ, 1997ರಲ್ಲಿ ಡೇವಿಡ್ ಜೂಲಿಯಸ್ ಅವರ ತಂಡ ಮೆಣಸಿನಕಾಯಿಯ ಕ್ಯಾಪ್ಸೈಸಿನ್ ತಟ್ಟುವುದು ಸುಡುವ ಬಿಸಿಯನ್ನು ಗುರುತಿಸುವ ಗ್ರಾಹಕವನ್ನೇ ಎಂದು ತೋರಿಸಿ, ಇಂಗ್ಲಿಷರ ಸೋಮಾರಿತನಕ್ಕೆ ವಿಜ್ಞಾನದ ಮೊಹರು ಒತ್ತಿಬಿಟ್ಟಿತು. ಒಗರಿನ ವಿಷಯದಲ್ಲಿ ಮಾತ್ರ ಅವರಿಗೆ ಅಂಥ ಅದೃಷ್ಟವಿಲ್ಲ. ನಿಘಂಟಿನಲ್ಲಿ ‘ಆಸ್ಟ್ರಿಂಜೆಂಟ್’ ಎಂಬುದೊಂದು ಇದೆಯೆಂದು ಪೂರ್ವಪಕ್ಷಿಗಳು ಹೇಳಿಯಾರು. ಇದೆ, ಒಪ್ಪಿದೆ. ಆದರೆ ಅದು ಔಷಧದಂಗಡಿಯ ಪದ, ಮುಖಕ್ಕೆ ಹಚ್ಚುವ ನೀರಿನ ಬಾಟಲಿಯ ಮೇಲಿನ ಪದ. ಎಳೆ ಪೇರಳೆ ಕಚ್ಚಿದ ನಮ್ಮ ಮಗು ‘ಥೂ, ಒಗರು!’ ಎಂದು ಉಗಿಯುವಷ್ಟು ಸಲೀಸಾಗಿ ಆ ಪದದೊಡನೆ ಉಗಿಯಲು ಬರುವುದಿಲ್ಲ. ಉಗಿಯುವಾಗ ಒದಗದ ಪದವನ್ನು ರುಚಿಯ ಪದವೆಂದು ಈ ಪ್ರಬಂಧಕಾರನು ಮಾನ್ಯ ಮಾಡುವುದಿಲ್ಲ.

ಇನ್ನು ದೃಷ್ಟಾಂತ. ಅಣ್ಣನ ಮಗನ ಆಫೀಸಿನ ಗೆಳೆಯನೊಬ್ಬ, ಇಂಗ್ಲೆಂಡಿನವನು, ಮಲೆನಾಡಿನ ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ಅಂದು ಬಾಳೆ ಕುಂಡಿಗೆಯ ಪಲ್ಯ. ಕುಂಡಿಗೆಯ ಶಾಸ್ತ್ರ ಬಲ್ಲವರಿಗೆ ಗೊತ್ತು: ಹೊರಗಿನ ನೇರಳೆ ಬಣ್ಣದ ಎಸಳುಗಳನ್ನು ತೆಗೆಯಬೇಕು, ಒಳಗಿನ ಒಂದೊಂದು ಹೂವಿನಿಂದಲೂ ಬೇಯದ ಗಟ್ಟಿ ಕಡ್ಡಿಯನ್ನೂ ಪೊರೆಯಂಥ ಚಿಪ್ಪನ್ನೂ ಎಳೆದು ಬಿಸಾಡಬೇಕು, ಹೆಚ್ಚಿದ ಚೂರು ಗಾಳಿಗೆ ಕಪ್ಪಾಗುವ ಮೊದಲೇ ಮಜ್ಜಿಗೆ ನೀರಿಗೆ ಬೀಳಬೇಕು, ರಾತ್ರಿಯಿಡೀ ಅಲ್ಲೇ ಇದ್ದು ಬೆಳಿಗ್ಗೆ ಹಿಂಡಿಸಿಕೊಳ್ಳಬೇಕು. ಅಂದು ಅತಿಥಿ ಬರುವ ಸುದ್ದಿ ಬಂದದ್ದೇ ಬೆಳಿಗ್ಗೆ ಹತ್ತಕ್ಕೆ. ಮಜ್ಜಿಗೆಗೆ ಸಿಕ್ಕಿದ್ದು ಅರ್ಧ ಗಂಟೆ.

ಆತ ಮೊದಲ ತುತ್ತಿಗೆ ‘ಚೆನ್ನಾಗಿದೆ’ ಎಂದ. ಮೂರನೆಯದಕ್ಕೆ ಮಾತು ನಿಲ್ಲಿಸಿದ. ಐದನೆಯದಕ್ಕೆ ನಾಲಿಗೆಯನ್ನು ಅಂಗುಳಕ್ಕೆ ತಿಕ್ಕಿ ನೋಡತೊಡಗಿದ. ಕಹಿಯೋ ಎಂದು ಅಣ್ಣನ ಮಗ ಇಂಗ್ಲಿಷಿನಲ್ಲಿ ಕೇಳಿದ, ಅಲ್ಲ. ಹುಳಿಯೋ? ಅಲ್ಲ. ‘ಡ್ರೈ’ ಎಂದ ಆತ. ಒಣಗಿದೆ ಎಂದು ತಿಳಿದ ಅತ್ತಿಗೆ ಸಾರು ಬಡಿಸಿದರು. ಸಾರು ಬಿದ್ದರೂ ಅದು ‘ಡ್ರೈ’ ಆಗಿಯೇ ಉಳಿಯಿತು. “ಇಷ್ಟು ಒದ್ದೆ ಅನ್ನ ಉಣ್ತಾ ಒಣಗಿದೆ ಅಂತಾನಲ್ಲ, ಏನಂತೆ ಭಾವ ಇವನಿಗೆ?” ಎಂದು ಅತ್ತಿಗೆ ನನ್ನನ್ನು ಕೇಳಿದರು. “ಒಗರು ಅಂತ ಹೇಳೋಕೆ ಅವನಿಗೆ ಬರ್ತಿಲ್ಲ ಅತ್ತಿಗೆ,” ಎಂದೆ. “ಒಗರು ಅಂತ ಅಂದರಾಯ್ತಪ್ಪ, ಅದಕ್ಕೇನು ಓದಬೇಕಾ!” ಎಂದು ಅವರು ತಂಬಳಿ ತರಲು ಒಳಗೆ ಹೋದರು. ಆತ ಕೊನೆಗೆ, ಬಹಳ ಸಂಕೋಚದಿಂದ, ತನ್ನ ನಾಲಿಗೆ ಚರ್ಮದಂತೆ ಆಗಿದೆ ಎಂದ. ಜೀವಂತ ಚರ್ಮವಲ್ಲ, ಚಪ್ಪಲಿಯ ಚರ್ಮ. ಓದುಗರು ಈ ಹೇಳಿಕೆಯನ್ನು ಕಾದಿರಿಸಿಕೊಳ್ಳತಕ್ಕದ್ದು.

ಈಗ ಮೂಲಭೂತ ಪ್ರಶ್ನೆ: ಒಗರು ರುಚಿಯೇ? ಆಯುರ್ವೇದದ ಆರು ರಸಗಳಲ್ಲಿ ಅದು ‘ಕಷಾಯ’ವೆಂಬ ಹೆಸರಿನಿಂದ ಕೊನೆಯ ಪಂಕ್ತಿಯಲ್ಲಿ ಕುಳಿತಿದೆ. ಅರಿಸ್ಟಾಟಲನ ಪಟ್ಟಿಯಲ್ಲೂ ಅದಕ್ಕೊಂದು ಜಾಗವಿತ್ತು. ಆಮೇಲೆ ಪಶ್ಚಿಮದವರು ಅದನ್ನು ಎಬ್ಬಿಸಿ ಕಳುಹಿಸಿದರು. 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡಾ ಉಮಾಮಿಯನ್ನು ಕರೆತಂದಾಗ ಅದಕ್ಕೆ ತಡವಾಗಿಯಾದರೂ ಐದನೆಯ ಎಲೆ ಹಾಕಿದರು. ಒಗರನ್ನು ಮತ್ತೆ ಕರೆಯಲಿಲ್ಲ. ಕಾರಣ ಇಷ್ಟೆ: ಒಗರು ರುಚಿಮೊಗ್ಗುಗಳಿಗೆ ಕಾದು ನಿಲ್ಲುವುದಿಲ್ಲ. ಎಳೆ ಬಾಳೆಕಾಯಿಯ ಚೂರನ್ನು ನಾಲಿಗೆಗೆ ತಾಗಿಸದೆ ಕೆಳತುಟಿಯ ಒಳಗೆ ವಸಡಿಗೆ ತಿಕ್ಕಿ ನೋಡಿ. ಅಲ್ಲಿ ಸಿಹಿ ಗೊತ್ತಾಗದು, ಕಹಿ ಗೊತ್ತಾಗದು, ಒಗರು ಗೊತ್ತಾಗುತ್ತದೆ. ಇದು ಮುಖ್ಯವಾಗಿ ಸ್ಪರ್ಶದ ವ್ಯವಹಾರ.

ನಡೆಯುವುದೇನೆಂದರೆ, ಕಾಯಿಯಲ್ಲಿರುವ ಟ್ಯಾನಿನ್ ಎಂಬ ವಸ್ತು ಜೊಲ್ಲಿನಲ್ಲಿರುವ ಪ್ರೋಟೀನುಗಳನ್ನು ಹಿಡಿದು ಗಂಟು ಕಟ್ಟುತ್ತದೆ. ಬಾಯಿಯ ಒಳಗೋಡೆ ಜಾರುವಂತೆ ನೋಡಿಕೊಳ್ಳುವುದೇ ಈ ಪ್ರೋಟೀನುಗಳ ಉದ್ಯೋಗ. ಅವು ಗಂಟು ಬಿದ್ದ ಕೂಡಲೇ ಜಾರಿಕೆ ಹೋಗಿ, ನಾಲಿಗೆಗೆ ಅಂಗುಳ ತಡೆಯುತ್ತದೆ. ಬಾಯಿ ತುಂಬ ನೀರಿದ್ದರೂ ಒಣಗಿದಂತೆ ಅನ್ನಿಸುವುದು ಇದರಿಂದ. ಅತಿಥಿಯ ‘ಡ್ರೈ’ ಸುಳ್ಳಾಗಿರಲಿಲ್ಲ, ಅತ್ತಿಗೆಯ ಸಾರು ವ್ಯರ್ಥವಾದದ್ದೂ ನ್ಯಾಯವೇ. ಮೊದಲ ತುತ್ತಿಗೆ ಚೆನ್ನಾಗಿದ್ದದ್ದು ಐದಕ್ಕೆ ಕೆಟ್ಟದ್ದಕ್ಕೂ ಇದೇ ಕಾರಣ. ಸಿಹಿ ತಿನ್ನುತ್ತ ತಿನ್ನುತ್ತ ಮಂಕಾಗುತ್ತದೆ. ಒಗರು ತುತ್ತಿನಿಂದ ತುತ್ತಿಗೆ ಏರುತ್ತ ಹೋಗುತ್ತದೆ, ಹೊಸ ಜೊಲ್ಲು ಊರಿ ಸಾಲ ತೀರಿಸುವವರೆಗೆ. ಆದ್ದರಿಂದ ಪಲ್ಯದ ಒಗರನ್ನು ಒಂದೇ ಚಿಟಿಕೆ ಬಾಯಿಗಿಟ್ಟು ನೋಡಿ ತೀರ್ಮಾನಿಸುವುದು ಶಾಸ್ತ್ರಸಮ್ಮತವಲ್ಲ. ಅಂದು ಅತ್ತಿಗೆ ಒಂದೇ ಚಿಟಿಕೆ ನೋಡಿದ್ದರು ಎಂಬುದನ್ನು ಸಂಶೋಧನೆಯ ಪ್ರಾಮಾಣಿಕತೆಗಾಗಿ ಇಲ್ಲಿ ದಾಖಲಿಸಿದ್ದೇನೆ, ಅವರು ಓದದಿರಲಿ.

ಮಜ್ಜಿಗೆಯ ಪಾತ್ರವೂ ಈಗ ಸ್ಪಷ್ಟ. ಅದರ ಹುಳಿ ಚೂರು ಕಪ್ಪಾಗುವುದನ್ನು ತಡೆಯುತ್ತದೆ. ಅದರಲ್ಲಿರುವ ಹಾಲಿನ ಪ್ರೋಟೀನು ಟ್ಯಾನಿನ್ನಿಗೆ ಮೊದಲೇ ಸಿಕ್ಕಿಕೊಂಡು, ನಮ್ಮ ಜೊಲ್ಲು ಬಲಿಯಾಗುವುದನ್ನು ತಪ್ಪಿಸುತ್ತದೆ. ಚಹಾಕ್ಕೆ ಹಾಲು ಹಾಕಿದರೆ ಒಗರು ಇಳಿಯುವುದೂ ಹೀಗೆಯೇ. ಇಂಗ್ಲಿಷರು ಶತಮಾನಗಳಿಂದ ಚಹಾಕ್ಕೆ ಹಾಲು ಸುರಿದು ಯಾವುದನ್ನು ಓಡಿಸುತ್ತ ಬಂದರೋ ಅದಕ್ಕೊಂದು ಮನೆಮಾತಿನ ಹೆಸರಿಡಲು ಅವರಿಗೆ ಪುರುಸೊತ್ತಾಗಲಿಲ್ಲ. ಅವರ ಚಹಾಪರೀಕ್ಷಕರಂತೂ ಕಹಿಯಿಲ್ಲದ ಒಳ್ಳೆಯ ಒಗರಿಗೆ ‘ಪಂಜೆಂಟ್’ ಎನ್ನುತ್ತಾರೆ. ಅದೇ ಪದ ಬೇರೆಡೆ ಮೂಗಿಗೆ ಅಡರುವ ಘಾಟಿಗೂ ನಡೆಯುತ್ತದೆ.

ಕಾಯಿ ಹಣ್ಣಾದಾಗ ಟ್ಯಾನಿನ್ ಎಲ್ಲಿಗೆ ಹೋಗುತ್ತದೆ? ಬಹುಪಾಲು ಎಲ್ಲಿಗೂ ಹೋಗುವುದಿಲ್ಲ. ಅದರ ಕಣಗಳು ತಮ್ಮತಮ್ಮಲ್ಲೇ ಹೆಣೆದುಕೊಂಡು ನೀರಿಗೆ ಕರಗದಂತಾಗುತ್ತವೆ. ಕರಗದ್ದು ಜೊಲ್ಲಿಗೆ ಸಿಗುವುದಿಲ್ಲ. ಹಾಗಾಗಿ ಮಾಗಿದ ಬಾಳೆಹಣ್ಣು ಒಗರನ್ನು ಒಳಗೇ ಇಟ್ಟುಕೊಂಡು ಸಿಹಿಯಾಗಿ ವರ್ತಿಸುತ್ತದೆ. ಕೆಲವು ಹಿರಿಯ ವಿಮರ್ಶಕರಲ್ಲೂ ಈ ಲಕ್ಷಣವನ್ನು ಗುರುತಿಸಬಹುದು, ಆದರೆ ಅದು ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಇಷ್ಟಾದ ಮೇಲೆ ಚರಕಸಂಹಿತೆಯನ್ನು ತೆರೆದರೆ ಒಂದು ಅಚ್ಚರಿ. ಕಷಾಯರಸವನ್ನು ಅಲ್ಲಿ ವರ್ಣಿಸಿರುವುದು ನಾಲಿಗೆ ಸೆಟೆದುಕೊಳ್ಳುವುದು, ಜಡವಾಗುವುದು, ಗಂಟಲು ಕಟ್ಟಿದಂತಾಗುವುದು ಎಂದು. ಅಂದರೆ ಪಟ್ಟಿಯಲ್ಲಿ ರುಚಿಯೆಂದು ಬರೆದುಕೊಂಡರೂ ವರ್ಣನೆಯಲ್ಲಿ ಸ್ಪರ್ಶದ ಲಕ್ಷಣಗಳನ್ನೇ ಕೊಟ್ಟಿದ್ದಾರೆ. ಪಶ್ಚಿಮದವರು ಲಕ್ಷಣ ನೋಡಿ ಪಟ್ಟಿಯಿಂದ ಹೊರಗಿಟ್ಟರು, ನಮ್ಮವರು ಲಕ್ಷಣವನ್ನೂ ಬರೆದು ಪಟ್ಟಿಯಲ್ಲೂ ಉಳಿಸಿಕೊಂಡರು. ಎರಡನೆಯದೇ ಗೃಹಸ್ಥರಿಗೆ ಹೊಂದುವ ನ್ಯಾಯವೆಂದು ನನ್ನ ಮತ.

ಆದರೆ ‘ಕಷಾಯ’ ಪದವನ್ನು ಕನ್ನಡ ಆ ಅರ್ಥದಲ್ಲಿ ಉಳಿಸಿಕೊಳ್ಳಲಿಲ್ಲ. ಗಿಡಮೂಲಿಕೆ ಕುದಿಸಿದ ನೀರಿಗೆ ಆ ಹೆಸರು ಹೋಯಿತು. ಅಲ್ಲಿಂದ ಜೀರಿಗೆ, ಕೊತ್ತಂಬರಿ, ಬೆಲ್ಲ, ಹಾಲು ಹಾಕಿದ ಸಂಜೆಯ ಪಾನೀಯಕ್ಕೆ ಬಂತು. ಇಂದು ಮಲೆನಾಡಿನಲ್ಲಿ ಕಷಾಯ ಕುಡಿದು ‘ಒಗರಾಗಿದೆ’ ಎಂದರೆ ಮಾಡಿದವರಿಗೆ ಅವಮಾನ. ಸಂಸ್ಕೃತದಲ್ಲಿ ಅದೇ ಪದ ಕುದಿಸಿದ ನೀರಿನ ಕೆಂಗಂದು ಬಣ್ಣಕ್ಕೂ ನಿಂತು, ಆ ಬಣ್ಣದಲ್ಲಿ ಅದ್ದಿದ ಬಟ್ಟೆ ‘ಕಾಷಾಯ’ವಾಗಿ ಸನ್ಯಾಸಿಗಳ ಮೈಮೇಲೆ ಹೋಯಿತು. ರುಚಿಯಿಂದ ಹೊರಟದ್ದು ರುಚಿಯನ್ನು ಬಿಟ್ಟವರಲ್ಲಿ ಹೋಗಿ ತಂಗಿತು.

ಇದನ್ನು ಸಂಸ್ಕೃತದ ಲೀಲೆಯೆಂದು ತಳ್ಳಿಹಾಕುವವರನ್ನು ಅಡಿಕೆ ಬೇಯಿಸುವ ಅಂಗಳಕ್ಕೆ ಆಹ್ವಾನಿಸುತ್ತೇನೆ. ಹಣ್ಣಾಗುವ ಮೊದಲೇ ಕೊಯ್ದ ಹಸಿರಡಿಕೆಯನ್ನು ಸುಲಿದು ದೊಡ್ಡ ಹಂಡೆಯಲ್ಲಿ ಕುದಿಸುತ್ತಾರೆ. ಅಡಿಕೆಯ ಒಗರು ನೀರಿಗಿಳಿದು ನೀರು ಕೆಂಪಾಗುತ್ತದೆ. ಆ ನೀರಿಗೆ ಚೊಗರು ಎಂದು ಹೆಸರು. ಅದನ್ನು ಚೆಲ್ಲುವುದಿಲ್ಲ, ಅದರಲ್ಲೇ ಮುಂದಿನ ಕೊನೆಗಳ ಅಡಿಕೆ ಬೇಯುತ್ತದೆ, ಒಂದೊಂದು ಸಲಕ್ಕೂ ಮಂದವಾಗುತ್ತ ಹೋಗುತ್ತದೆ. ಮಂದ ಚೊಗರು ಹಚ್ಚಿದಾಗಲೇ ಕೆಂಪಡಿಕೆಗೆ ಮಾರುಕಟ್ಟೆ ಮೆಚ್ಚುವ ಬಣ್ಣ, ಹೊಳಪು. ಮುಂದಿನ ವರ್ಷಕ್ಕೆ ಎತ್ತಿಡುವುದುಂಟು, ಮಾರುವುದೂ ಉಂಟು. ಚೊಗರು ಎಂದರೆ ಒಗರು, ಚೊಗರು ಎಂದರೆ ಕುದಿಸಿದ ನೀರು, ಚೊಗರು ಎಂದರೆ ಬಣ್ಣ. ಕಷಾಯ ನಡೆದ ದಾರಿಯನ್ನೇ ತೋಟದ ಪದವೊಂದು ಯಾರನ್ನೂ ಕೇಳದೆ ನಡೆದಿದೆ. ತಮಿಳಿನ ‘ತುವರ್’ ಎಂಬುದಕ್ಕೂ ಒಗರು, ಕೆಂಪು ಎರಡೂ ಅರ್ಥ.

ಹಾಗಾದರೆ ಇಂಗ್ಲಿಷರು? ಅವರೂ ಅದೇ ದಾರಿಯಲ್ಲಿ ಹೋದವರೇ, ನಾಲಿಗೆ ಮಾತ್ರ ಅವರದ್ದಲ್ಲ. ಓಕ್ ಮರದ ತೊಗಟೆಯನ್ನು ನೀರಿನಲ್ಲಿ ನೆನೆಹಾಕಿ, ಆ ನೀರಿನಲ್ಲಿ ಹಸಿ ತೊಗಲನ್ನು ತಿಂಗಳುಗಟ್ಟಲೆ ಅದ್ದಿಟ್ಟು ಹದಮಾಡುವ ಕೆಲಸಕ್ಕೆ ಅವರು ‘ಟ್ಯಾನ್’ ಎಂದರು. ತೊಗಟೆಯ ಸತ್ವ ತೊಗಲಿನ ಪ್ರೋಟೀನುಗಳನ್ನು ಹಿಡಿದು ಬಿಗಿಯುತ್ತದೆ, ತೊಗಲು ಕೊಳೆಯದ ಚರ್ಮವಾಗುತ್ತದೆ. ಹಾಗೆ ಬಂದ ಕಂದು ಬಣ್ಣವೂ ‘ಟ್ಯಾನ್’, ಬಿಸಿಲಿಗೆ ಮೈ ಕಂದುವುದೂ ‘ಟ್ಯಾನ್’. ಟ್ಯಾನಿನ್ ಎಂಬ ಹೆಸರು ಹುಟ್ಟಿದ್ದೂ ಅಲ್ಲಿಯೇ. ನಮ್ಮ ಕಡೆ ತಂಗಡಿ ಗಿಡದ ತೊಗಟೆಯಿಂದ ಇದೇ ಕೆಲಸ ನಡೆಯುತ್ತಿತ್ತು, ಆದರೆ ನಾವು ಒಗರಿಗೆ ಹೆಸರಿಡುವಾಗ ಅಡಿಗೆಮನೆಯಲ್ಲಿದ್ದೆವು, ಅವರು ಚರ್ಮದ ಹೊಂಡದ ಬಳಿ ಇದ್ದರು. ವೈನ್ ಕುಡಿಯುವವರು ಈಗೀಗ ಆ ಪದವನ್ನು ಬಾಯಿಗೆ ತಂದುಕೊಂಡಿದ್ದಾರೆ. ಹೊಂಡದಿಂದ ತಂದದ್ದೆಂದು ಲೋಟ ಹಿಡಿದಾಗ ಯಾರೂ ಹೇಳುವುದಿಲ್ಲ.

ಆದ್ದರಿಂದ ಅತಿಥಿಯ ‘ಚಪ್ಪಲಿಯ ಚರ್ಮ’ವೆಂಬ ಹೇಳಿಕೆಯನ್ನು ಈ ಪ್ರಬಂಧವು ಆಪ್ತವಾಕ್ಯವೆಂದು ಸ್ವೀಕರಿಸುತ್ತದೆ. ಆತನ ನಾಲಿಗೆಯಲ್ಲಿ ಅಂದು ನಡೆದದ್ದು, ಬಹಳ ಸಣ್ಣ ಪ್ರಮಾಣದಲ್ಲಿ, ಹದಮಾಡುವಿಕೆಯೇ. ಇದನ್ನು ಸವಿಸ್ತಾರವಾಗಿ ಅತ್ತಿಗೆಗೆ ನಿವೇದಿಸಿದೆ. “ನಾನು ಮಾಡಿದ ಪಲ್ಯ ತಿಂದರೆ ನಾಲಿಗೆ ಚಪ್ಪಲಿ ಆಗುತ್ತೆ ಅಂತ ಹೇಳೋಕೆ ಇಷ್ಟು ಪುಟ ಬೇಕಾಯ್ತಾ ಭಾವ?” ಎಂದು ಅವರು ಕೇಳಿದ ಪ್ರಶ್ನೆಗೆ ಉತ್ತರವು ಮುಂದಿನ ಸಂಪುಟದಲ್ಲಿ ಬರಲಿದೆ. ಅಲ್ಲಿಯವರೆಗೆ ಈ ಸಂಶೋಧಕನಿಗೆ ಕುಂಡಿಗೆ ಬಿಡಿಸುವ ಕೆಲಸ ವಹಿಸಲಾಗಿದೆ. ಬೆರಳುಗಳು ಆಗಲೇ ಚೊಗರು ಬಣ್ಣಕ್ಕೆ ತಿರುಗಿವೆ, ಸೋಪಿಗೆ ಹೋಗುತ್ತಿಲ್ಲ.