ಅರವತ್ತೇಳು ಬಂದ್ರೆ ಸಾಕು ಸಾರ್

ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಸಿವಿಲ್ ವಿಭಾಗದ ಹುಡುಗರಿಗೆ ಕಾಂಕ್ರೀಟಿಗಿಂತ ಗಣಿತದ ಮೇಲೆ ಪ್ರೀತಿ ಉಕ್ಕುತ್ತದೆ. ಮೊನ್ನೆ ಒಬ್ಬ ಸ್ಟಾಫ್ ರೂಮಿಗೇ ಬಂದ. "ಸಾರ್, ಪಾಸಾಗೋಕೆ ಫೈನಲ್‌ನಲ್ಲಿ 8 ಬಂದ್ರೆ ಸಾಕಲ್ವಾ?"

ಕೂಡುವುದು ಕಳೆಯುವುದರಲ್ಲಿ ತಪ್ಪಿರಲಿಲ್ಲ. ಇಂಟರ್ನಲ್ 50ರಲ್ಲಿ ಅರ್ಧ ಟೆಸ್ಟಿಗೆ, ಅರ್ಧ ಲ್ಯಾಬಿಗೆ. ಟೆಸ್ಟಿನಲ್ಲಿ 14 ಬಂದಿತ್ತು. ಲ್ಯಾಬ್ ರೆಕಾರ್ಡು ದಯಪಾಲಿಸಿದ್ದು 22. ಈ ವರ್ಷ ಇಡೀ ತರಗತಿಯ 150 ಮಿ.ಮೀ. ಕ್ಯೂಬುಗಳೆಲ್ಲ ಮಾತಾಡಿಕೊಂಡಂತೆ 720 ಕಿಲೋನ್ಯೂಟನ್‌ಗೇ ಒಡೆದಿದ್ದವು. ಸೀನಿಯರ್ ರೆಕಾರ್ಡಿನ ಮಹಿಮೆ. ಇವನ ಅಕ್ಷರ ದುಂಡಗಿತ್ತು, ಅಷ್ಟೆ. ಒಟ್ಟು 36. ಪಾಸಿಗೆ 40 ಬೇಕು. ಫೈನಲ್‌ನ 100ನ್ನು 50ಕ್ಕೆ ಇಳಿಸುವುದರಿಂದ, ಉಳಿದ 4ಕ್ಕೆ 8 ಬರೆದರೆ ಆಯಿತು.

"ಫೈನಲ್‌ನಲ್ಲೇ ಬೇರೆಯಾಗಿ 35 ಬರಬೇಕಪ್ಪಾ" ಎಂದೆ. ಮುಖ ಬಾಡಿತು. ರೆಕಾರ್ಡಿನ ಪುಣ್ಯ ಒಟ್ಟು ಮೊತ್ತಕ್ಕೆ ಸೇರುತ್ತದೆಯೇ ಹೊರತು ಆ 35ಕ್ಕೆ ಸೇರುವುದಿಲ್ಲ.

ಸರಿ, ಮೇಲಕ್ಕೆ ನೋಡಿದ. 90ರ ಗ್ರೇಡಿಗೆ 50ರಲ್ಲಿ 54 ಬೇಕು. ಆ ಬಾಗಿಲು ರೆಕಾರ್ಡಿಗೆ ಸಹಿ ಬಿದ್ದ ದಿನವೇ ಮುಚ್ಚಿತ್ತು. 70ರ ಗ್ರೇಡಿಗೆ 34, ಅಂದರೆ 68. ಹುಡುಗ ಚುರುಕು. "67 ಬಂದ್ರೆ 33.5, ಅದನ್ನ 34 ಮಾಡ್ತಾರಲ್ವಾ ಸಾರ್? ಹಾಗಾದ್ರೆ 67 ಸಾಕು. ಓಪನ್ ಬುಕ್ ಬೇರೆ!"

ಓಪನ್ ಬುಕ್ ಅಂದರೆ ಅರ್ಧ ಬರೆದಿಟ್ಟ ಉತ್ತರಪತ್ರಿಕೆ ಎಂದೇ ಇವರ ನಂಬಿಕೆ. ಮಿಕ್ಸ್ ಡಿಸೈನ್ ಲೆಕ್ಕ ಬಂದರೆ IS 10262 ತೆಗೆಯಬೇಕು. 20 ಮಿ.ಮೀ. ಜಲ್ಲಿಗೆ 50 ಮಿ.ಮೀ. ಸ್ಲಂಪಿದ್ದರೆ ನೀರು 186 ಕಿಲೋ ಎಂದು ಅಲ್ಲಿದೆ. ಸ್ಲಂಪ್ 100 ಕೇಳಿದ್ದರೆ 25 ಮಿ.ಮೀ.ಗೆ ಶೇ. 3ರಂತೆ ಏರಿಸಬೇಕು, ಆ ಮಾತು ಕೋಷ್ಟಕದ ಒಳಗಲ್ಲ, ಹೊರಗಿನ ವಾಕ್ಯದಲ್ಲಿರುತ್ತದೆ. ಕಡಿಮೆಯೆಂದರೆ ಎಷ್ಟು ಸಿಮೆಂಟು ಹಾಕಬೇಕೆಂದು ತಿಳಿಯಲು IS 456ರ 5ನೇ ಕೋಷ್ಟಕಕ್ಕೆ ಹಾರಬೇಕು. ಎಲ್ಲಿದೆಯೆಂದು ಗೊತ್ತಿಲ್ಲದವನು ಹಾಳೆ ತಿರುವುತ್ತಲೇ ಇರುತ್ತಾನೆ.

ಕಾಗದದ ಮೇಲೆ ತೋರಿಸಿದೆ. 180 ನಿಮಿಷಕ್ಕೆ 100 ಅಂಕ, ಅಂಕಕ್ಕೆ 1.8 ನಿಮಿಷ. ಹತ್ತು ಸಲ ಹುಡುಕಿ, ಸಲಕ್ಕೆ ಆರು ನಿಮಿಷ ಹೋದರೆ ಬರೆಯಲು ಉಳಿಯುವುದು 120. ಒಂದಕ್ಷರವೂ ತಪ್ಪದಿದ್ದರೆ ಕೈಗೆ ಬರುವುದು 66.

ಅವನು ಕಾಗದವನ್ನೇ ದಿಟ್ಟಿಸಿದ. ಆಮೇಲೆ ನನ್ನ ಪೆನ್ನೇ ತೆಗೆದುಕೊಂಡು ಕೆಳಗೊಂದು ಸಾಲು ಗೀಚಿದ. 60ರ ಗ್ರೇಡಿಗೆ 24 ಬೇಕು. 47 ಬರೆದರೆ 23.5, ಏರಿಸಿದರೆ 24.

"ಅಂದ್ರೆ 47 ಬಂದ್ರೂ 66 ಬಂದ್ರೂ ಒಂದೇ ಗ್ರೇಡು. ಅರ್ಧ ಗಂಟೆ ಮುಂಚೇನೇ ಎದ್ದು ಬರ್ಬೋದಲ್ವಾ ಸಾರ್?"